ಬರಹದ ಸುಲಭತೆಯನ್ನು ಅಳೆಯುವ ಕೋಲು

ಕಳೆದ ವರ್ಷ ವಿದ್ಯಾರ್ಥಿವೇತನದ ವಿಷಯವಾಗಿ ನಮ್ಮ ಶಾಲೆಯಿಂದ ಹೆತ್ತವರಿಗೆ ಒಂದು ಸೂಚನಾಪತ್ರವು ಹೋಯಿತು. ಅದನ್ನು ಬರೆದವರು ನಾವೇ. ಅದರ ಮುಖ್ಯ ವಾಕ್ಯವು ಹೀಗಿದ್ದಿತು: "ಪ್ರಸ್ತುತ ಶೈಕ್ಷಣಿಕ ವರ್ಷದಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಹರಾದ ವಿದ್ಯಾರ್ಥಿಗಳ ಪಾಲಕರು ಸಕ್ಷಮ ಪ್ರಾಧಿಕಾರದಿಂದ ಪಡೆದ ಆದಾಯ ದೃಢೀಕರಣ ಪತ್ರವನ್ನು ಲಗತ್ತಿಸಿದ ಅರ್ಜಿಯನ್ನು ಸಲ್ಲಿಸತಕ್ಕದ್ದು." ವ್ಯಾಕರಣದಲ್ಲಿ ದೋಷವಿರಲಿಲ್ಲ. ಆದರೆ ಬಂದ ಅರ್ಜಿಗಳಲ್ಲಿ ಹೆಚ್ಚಿನವುಗಳಿಗೆ ವರಮಾನದ ಪತ್ರವೇ ಇರಲಿಲ್ಲ. ಕೆಲವರಂತೂ ಅರ್ಜಿಯನ್ನೇ ಕೊಡಲಿಲ್ಲ. ಕೊನೆಯ ದಿನವು ಕಳೆದ ಮೇಲೆ ಒಬ್ಬ ತಾಯಿ ಬಂದು, "ಮಾಸ್ಟ್ರೇ, ಕಾಗದ ಓದಿದೆ, ಆದರೆ ಎಲ್ಲಿಗೆ ಹೋಗಬೇಕೆಂದು ಅದರಲ್ಲಿ ಬರೆದಿರಲಿಲ್ಲವಲ್ಲ" ಎಂದರು. ಬರೆದಿದ್ದೆವು. ಅವರಿಗೆ ತಿಳಿಯುವಂತೆ ಬರೆದಿರಲಿಲ್ಲ, ಅಷ್ಟೆ.

ಬರಹವೊಂದು ಸಾಮಾನ್ಯ ವಾಚಕರಿಗೆ ತಿಳಿಯುವುದೋ ಇಲ್ಲವೋ ಎಂದು ಮೊದಲೇ ಪರೀಕ್ಷಿಸುವ ಉಪಾಯವಿದೆಯೆ ಎಂದು ಆಮೇಲೆ ನಾವು ವಿಚಾರಿಸಿದೆವು. ಇಂಗ್ಲಿಷಿಗೆ ಅಂತಹ ಅಳತೆಗೋಲುಗಳು ಅನೇಕವಿವೆ. ಅವುಗಳಲ್ಲಿ ಬಹಳ ಪ್ರಸಿದ್ಧವಾದುದು ರುಡಾಲ್ಫ್ ಫ್ಲೆಶ್ ಎಂಬ ವಿದ್ವಾಂಸರು 1948ರಲ್ಲಿ ಪ್ರಕಟಿಸಿದ ಸೂತ್ರ. ಫ್ಲೆಶ್ ಅವರು ವಿಯೆನ್ನಾದಲ್ಲಿ ಹುಟ್ಟಿ ಅಮೇರಿಕಕ್ಕೆ ಹೋಗಿ ನೆಲೆಸಿದವರು. ಸೂತ್ರವು ಎರಡೇ ಸಂಗತಿಗಳನ್ನು ಎಣಿಸುತ್ತದೆ. ಒಂದು, ಒಂದು ವಾಕ್ಯಕ್ಕೆ ಸರಾಸರಿ ಎಷ್ಟು ಪದಗಳು. ಇನ್ನೊಂದು, ಒಂದು ಪದಕ್ಕೆ ಸರಾಸರಿ ಎಷ್ಟು ಉಚ್ಚಾರದ ಖಂಡಗಳು. ಮೊದಲನೆಯದನ್ನು 1.015ರಿಂದಲೂ ಎರಡನೆಯದನ್ನು 84.6ರಿಂದಲೂ ಗುಣಿಸಿ, ಎರಡು ಗುಣಲಬ್ಧಗಳನ್ನೂ 206.835ರಿಂದ ಕಳೆಯಬೇಕು. ಉಳಿದುದು 100ರ ಸಮೀಪವಿದ್ದರೆ ಬರಹವು ಅತಿ ಸುಲಭ. 60ರಿಂದ 70ರೊಳಗಿದ್ದರೆ ಸಾಧಾರಣ. 30ಕ್ಕಿಂತ ಕಡಿಮೆಯಾದರೆ ಅತಿ ಕಠಿನ. ಇದೇ ಎರಡು ಎಣಿಕೆಗಳಿಂದ ನೇರವಾಗಿ ತರಗತಿಯ ಸಂಖ್ಯೆಯನ್ನು ಕೊಡುವ ಇನ್ನೊಂದು ಸೂತ್ರವನ್ನು 1975ರಲ್ಲಿ ಅಮೇರಿಕದ ನೌಕಾಪಡೆಗಾಗಿ ಕಿನ್‌ಕೇಡ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದರು.

ಕನ್ನಡದಲ್ಲಿ ಖಂಡವೆಂದರೆ ಬಹುಮಟ್ಟಿಗೆ ಅಕ್ಷರವೇ. ಆದುದರಿಂದ ಎಣಿಸುವುದು ಕಷ್ಟವಲ್ಲ. ವಿದ್ಯಾರ್ಥಿಗಳು ಬೆರಳು ಮಡಿಚಿ ಎಣಿಸಬಹುದು. "ಮಕ್ಕಳು ನಾಳೆ ಬೆಳಿಗ್ಗೆ ಒಂಬತ್ತು ಗಂಟೆಗೆ ಶಾಲೆಗೆ ಬರಬೇಕು." ಪದಗಳು 7, ಅಕ್ಷರಗಳು 21, ಪದಕ್ಕೆ ಮೂರರಂತೆ. 7ನ್ನು 1.015ರಿಂದ ಗುಣಿಸಿದರೆ 7.105, 3ನ್ನು 84.6ರಿಂದ ಗುಣಿಸಿದರೆ 253.8. ಇವೆರಡನ್ನೂ 206.835ರಿಂದ ಕಳೆದಾಗ ಬರುವುದು ಸೊನ್ನೆಗಿಂತಲೂ 54 ಅಂಕ ಕೆಳಗೆ! ತರಗತಿಯ ಸೂತ್ರಕ್ಕೆ ಹಾಕಿದರೆ ಈ ವಾಕ್ಯವು 22ನೆಯ ತರಗತಿಯದಾಗುತ್ತದೆ. ಎರಡನೆಯ ತರಗತಿಯ ಮಗುವು ಓದಿ, ಮರುದಿನ ಸರಿಯಾಗಿ ಒಂಬತ್ತಕ್ಕೆ ಬಂದು ನಿಲ್ಲುವಂತಹ ವಾಕ್ಯವಿದು. ಇದನ್ನೇ ಇಂಗ್ಲಿಷಿನಲ್ಲಿ "ಚಿಲ್ಡ್ರನ್ ಮಸ್ಟ್ ಕಮ್ ಟು ಸ್ಕೂಲ್ ಅಟ್ ನೈನ್ ಟುಮಾರೋ ಮಾರ್ನಿಂಗ್" ಎಂದರೆ ಪದಗಳು 9, ಖಂಡಗಳು 13; ಅಂಕವು 75ಕ್ಕೆ ಮೇಲೆ.

ಹೀಗೇಕೆ? ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ 'ಟು', 'ಅಟ್', 'ಮಸ್ಟ್' ಎಂಬ ಚಿಕ್ಕ ಪದಗಳು ಕನ್ನಡದಲ್ಲಿ 'ಗೆ', 'ಬೇಕು' ಎಂದು ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತವೆ. ಪದವು ಉದ್ದವಾಗುತ್ತದೆ, ಅರ್ಥವು ಕಠಿನವಾಗುವುದಿಲ್ಲ. ಅಲ್ಲದೆ ಆ 84.6 ಎಂಬ ಸಂಖ್ಯೆಯು ಪ್ರಕೃತಿನಿಯಮವಲ್ಲ. ಅಮೇರಿಕದ ಶಾಲಾಮಕ್ಕಳಿಗಾಗಿ ಮಕಾಲ್ ಮತ್ತು ಕ್ರಾಬ್ಸ್ ಎಂಬವರು ಸಿದ್ಧಪಡಿಸಿದ್ದ ಓದಿನ ಪರೀಕ್ಷಾಪಾಠಗಳಿಗೆ ಹೊಂದಿಸಿ ತೆಗೆದ ಸಂಖ್ಯೆ ಅದು. ಬೇರೆ ಭಾಷೆಗೆ ಅದನ್ನು ಹಾಗೆಯೇ ತರುವುದು, ಅಂಗಡಿಯ ತಕ್ಕಡಿಯಲ್ಲಿ ಬಟ್ಟೆಯನ್ನು ಅಳೆದಂತೆ.

ಹಾಗಾದರೆ ಕನ್ನಡಕ್ಕೆ ಒಪ್ಪುವ ಬೇರೆ ಸಂಖ್ಯೆಗಳನ್ನು ಕಂಡುಹಿಡಿಯಬಾರದೆ ಎಂದು ಕೇಳಬಹುದು. ಪ್ರಯತ್ನಿಸಬಹುದು, ಆದರೆ ಮೊದಲ ತೊಡಕು ಪದವೆಂದರೆ ಯಾವುದು ಎಂಬಲ್ಲಿಯೇ ಇದೆ. 'ಮನೆಯಲ್ಲಿದ್ದೇನೆ' ಎಂದು ಸೇರಿಸಿ ಬರೆದರೆ ಆರು ಅಕ್ಷರದ ಒಂದು ಪದ. 'ಮನೆಯಲ್ಲಿ ಇದ್ದೇನೆ' ಎಂದು ಬಿಡಿಸಿದರೆ ಏಳು ಅಕ್ಷರದ ಎರಡು ಪದಗಳು. ಸರಾಸರಿ ಆರರಿಂದ ಮೂರೂವರೆಗೆ ಇಳಿಯಿತು. ಸಂಧಿ ಮಾಡುವುದೂ ಬಿಡುವುದೂ ಬರೆಯುವವರ ಇಚ್ಛೆ, ಎಷ್ಟೋ ವೇಳೆ ಅಚ್ಚಿನ ಮೊಳೆ ಜೋಡಿಸುವವರ ಇಚ್ಛೆ. ಗಣಕಯಂತ್ರಕ್ಕೆ ಎಣಿಕೆಯನ್ನು ಒಪ್ಪಿಸಿದರೆ ಮತ್ತೊಂದು ತೊಡಕು. 'ಸಕ್ಷಮ' ಎಂಬಲ್ಲಿ ನಮಗೆ ಕಾಣುವುದು ಮೂರು ಅಕ್ಷರ. ಯಂತ್ರದೊಳಗೆ ಸ, ಕ, ಅರ್ಧಾಕ್ಷರದ ಚಿಹ್ನೆ, ಷ, ಮ ಎಂದು ಐದು ಸಂಕೇತಗಳಿರುತ್ತವೆ. ಯಂತ್ರವು ಯಾವುದನ್ನು ಎಣಿಸಿತೆಂದು ತಿಳಿಯದೆ ಅದು ಕೊಟ್ಟ ಅಂಕವನ್ನು ನಂಬಲಾಗದು.

'ಸಕ್ಷಮ' ಎಂಬ ಈ ಪದವನ್ನು ನಾವು ಬೇಕೆಂದೇ ತೆಗೆದುಕೊಂಡೆವು. ನಮ್ಮ ಸೂಚನಾಪತ್ರವನ್ನು ಕೈಯಲ್ಲಿ ಹಿಡಿದು ಕೆಲವು ಹೆತ್ತವರನ್ನು ಕರೆದು ಓದಿಸಿದೆವು. 'ವಿದ್ಯಾರ್ಥಿವೇತನಕ್ಕೆ' ಎಂಬ ಏಳು ಅಕ್ಷರದ ಪದವನ್ನು ಎಲ್ಲರೂ ನಿರಾಯಾಸವಾಗಿ ದಾಟಿದರು. ಎಲ್ಲರೂ ಎಡವಿದುದು 'ಸಕ್ಷಮ ಪ್ರಾಧಿಕಾರ' ಎಂಬಲ್ಲಿ. 'ಮಕ್ಕಳು' ಎಂಬುದಕ್ಕೂ ಮೂರು ಅಕ್ಷರ, 'ಸಕ್ಷಮ' ಎಂಬುದಕ್ಕೂ ಮೂರು ಅಕ್ಷರ. ಸೂತ್ರದ ಕಣ್ಣಿಗೆ ಎರಡೂ ಸಮಾನ. ಪದದ ಕಾಠಿನ್ಯವು ಅದರ ಉದ್ದದಲ್ಲಿಲ್ಲ, ಪರಿಚಯದಲ್ಲಿದೆ. ಆ ಪರಿಚಯವೂ ಊರಿಂದ ಊರಿಗೆ ಬೇರೆ. ಬೆಂಗಳೂರಿನ ಕಚೇರಿಯ ಕನ್ನಡವನ್ನು ಅನುಸರಿಸಿ ನಾವು 'ಗ್ರಾಮ ಆಡಳಿತ ಅಧಿಕಾರಿ' ಎಂದು ಬರೆದಿದ್ದರೂ ಕಾಸರಗೋಡಿನ ಕಡೆ ಪ್ರಯೋಜನವಾಗುತ್ತಿರಲಿಲ್ಲ. ಇಲ್ಲಿ ಅದು 'ವಿಲ್ಲೇಜ್ ಆಫೀಸು'. 'ಪಡಿತರ ಚೀಟಿ' ಎಂದರೆ ಹುಬ್ಬೇರಿಸುವವರು 'ರೇಷನ್ ಕಾರ್ಡು' ಎಂದರೆ ಒಳಗಿನಿಂದ ತಂದು ತೋರಿಸುತ್ತಾರೆ. ಅಚ್ಚಗನ್ನಡದ ಅಭಿಮಾನಿಗಳಾದ ನಮಗೆ ಇದನ್ನು ಒಪ್ಪುವುದು ಸ್ವಲ್ಪ ಕಷ್ಟವೇ ಆಯಿತು.

ವಾಕ್ಯದ ಉದ್ದದ ವಿಷಯದಲ್ಲಿ ಮಾತ್ರ ಸೂತ್ರವು ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ವಾಕ್ಯದಲ್ಲಿ ಇದ್ದುದು 16 ಪದಗಳು. ಇಂಗ್ಲಿಷಿನ ಲೆಕ್ಕದಲ್ಲಿ ಇದು ದೀರ್ಘವಲ್ಲ. ತೊಂದರೆಯಿದ್ದುದು 'ಅರ್ಹರಾದ', 'ಪಡೆದ', 'ಲಗತ್ತಿಸಿದ' ಎಂಬ ಕೃದಂತಗಳಲ್ಲಿ. ಒಂದರ ಬೆನ್ನಿಗೆ ಒಂದು ಬರುವ ಈ ವಿಶೇಷಣಗಳನ್ನೆಲ್ಲ ಓದುಗನು ನೆನಪಿನಲ್ಲಿ ಹೊತ್ತುಕೊಂಡೇ ಕೊನೆಯ ಕ್ರಿಯಾಪದದವರೆಗೆ ನಡೆಯಬೇಕು. ಮೂರು ಕೆಲಸಗಳಿರುವಲ್ಲಿ ಒಂದೇ ಕ್ರಿಯಾಪದ. ಉಳಿದೆರಡು ಕೆಲಸಗಳು ವಿಶೇಷಣದ ವೇಷದಲ್ಲಿ ಅಡಗಿದ್ದುವು.

ಈ ವರ್ಷ ಹೀಗೆ ಬರೆದೆವು: "ನಿಮ್ಮ ಮಗುವಿಗೆ ವಿದ್ಯಾರ್ಥಿವೇತನ ಬೇಕಾದರೆ ಹೀಗೆ ಮಾಡಿರಿ. ಮೊದಲು ನಿಮ್ಮ ವಿಲ್ಲೇಜ್ ಆಫೀಸಿಗೆ ಹೋಗಿ ವರಮಾನದ ಸರ್ಟಿಫಿಕೇಟು ತೆಗೆದುಕೊಳ್ಳಿರಿ. ಶಾಲೆಯಲ್ಲಿ ಕೊಟ್ಟ ಅರ್ಜಿಯನ್ನು ತುಂಬಿಸಿರಿ. ಎರಡನ್ನೂ ಒಟ್ಟಿಗೆ ಕ್ಲಾಸು ಟೀಚರಿಗೆ ಕೊಡಿರಿ." ಕುತೂಹಲಕ್ಕಾಗಿ ಫ್ಲೆಶ್ ಸೂತ್ರವನ್ನು ಇದಕ್ಕೂ ಹಾಕಿ ನೋಡಿದೆವು. ಹಳೆಯದಕ್ಕೆ ಸೊನ್ನೆಗಿಂತ ಸುಮಾರು 180 ಕೆಳಗೆ, ಹೊಸದಕ್ಕೆ ಸುಮಾರು 93 ಕೆಳಗೆ. ಹೊಸದು ಮೇಲೆಂಬುದನ್ನು ಸೂತ್ರವು ಹೇಳಿತು, ನಿಜ. ಆದರೆ ಎರಡನ್ನೂ ಮನುಷ್ಯಮಾತ್ರರು ಓದಲಾರದ ಬರಹಗಳೆಂದೇ ತೀರ್ಪಿತ್ತಿತು.

ಅಚ್ಚಿಗೆ ಕೊಡುವ ಮೊದಲು ಐವರು ಹೆತ್ತವರಿಗೆ ಕರಡನ್ನು ಕೊಟ್ಟು ಓದಿಸಿದೆವು. "ತಿಳಿಯಿತೆ?" ಎಂದು ಕೇಳಲಿಲ್ಲ, ಹಾಗೆ ಕೇಳಿದರೆ ಹೆಡ್‌ಮಾಸ್ಟರರ ಮುಂದೆ ಇಲ್ಲವೆನ್ನುವವರು ಯಾರು? "ನಾಳೆ ಮೊದಲು ಎಲ್ಲಿಗೆ ಹೋಗುತ್ತೀರಿ? ಅಲ್ಲಿ ಏನು ಕೇಳುತ್ತೀರಿ? ಆಮೇಲೆ ಯಾರ ಕೈಗೆ ಕೊಡುತ್ತೀರಿ?" ಎಂದು ಕೇಳಿದೆವು. ನಾಲ್ವರು ಮೂರಕ್ಕೂ ಸರಿಯಾಗಿ ಉತ್ತರಿಸಿದರು. ಐದನೆಯವರು ಕಾಗದವನ್ನು ಎರಡು ಸಲ ಓದಿ, "ಎಲ್ಲ ಸರಿ ಮಾಸ್ಟ್ರೇ, ಕೊಡಲಿಕ್ಕೆ ಕೊನೆಯ ದಿನ ಯಾವುದು?" ಎಂದರು. ತಾರೀಕನ್ನು ಬರೆಯಲು ನಾವು ಮರೆತಿದ್ದೆವು.