ಕುಟ್ಟಕ: ಶೇಷದಿಂದ ಮೂಲಕ್ಕೆ

ಎರಡು ಸಂಖ್ಯೆಗಳನ್ನು ನಿಶ್ಶೇಷವಾಗಿ ಭಾಗಿಸಬಲ್ಲ ಸಂಖ್ಯೆಗಳಲ್ಲಿ ಅತ್ಯಂತ ದೊಡ್ಡದನ್ನು ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ ಎನ್ನುತ್ತಾರೆ. ಶಾಲೆಯಲ್ಲಿ ಇದನ್ನು ಕಂಡುಹಿಡಿಯಲು ಎರಡೂ ಸಂಖ್ಯೆಗಳನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದು, ಎರಡರಲ್ಲಿಯೂ ಇರುವುವನ್ನು ಆಯ್ದು ಗುಣಿಸುವುದನ್ನು ಕಲಿಸುವುದುಂಟು. ಸಣ್ಣ ಸಂಖ್ಯೆಗಳಿಗೆ ಇದು ಸಾಕು. ಆದರೆ 10403 ಎಂಬ ಸಂಖ್ಯೆಯನ್ನು ಒಡೆಯಹೊರಟವನು 2, 3, 5, 7 ಎಂದು ಪ್ರಯತ್ನಿಸುತ್ತ 101ರವರೆಗೆ ಹೋಗಬೇಕಾಗುತ್ತದೆ; ಅಲ್ಲಿಯವರೆಗೆ ಒಂದೂ ಒಗ್ಗುವುದಿಲ್ಲ. ಸಂಖ್ಯೆ ದೊಡ್ಡದಾದಂತೆ ಈ ಹುಡುಕಾಟಕ್ಕೆ ಕೊನೆಯೇ ಇಲ್ಲವೆನ್ನಿಸುತ್ತದೆ.

ಒಡೆಯುವ ಗೋಜಿಗೇ ಹೋಗದ ಮಾರ್ಗವೊಂದು ಬಹು ಪ್ರಾಚೀನವಾದುದು. ಕ್ರಿ.ಪೂ. 300ರ ಸುಮಾರಿನಲ್ಲಿದ್ದ ಗ್ರೀಕ್ ಗಣಿತಜ್ಞ ಯೂಕ್ಲಿಡನು ತನ್ನ 'ಎಲಿಮೆಂಟ್ಸ್' ಗ್ರಂಥದ ಏಳನೆಯ ಭಾಗದ ಆರಂಭದಲ್ಲಿಯೇ ಇದನ್ನು ನಿರೂಪಿಸಿದ್ದಾನೆ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಬೇಕು. ಅನಂತರ ಆ ಚಿಕ್ಕ ಸಂಖ್ಯೆಯನ್ನು ಈ ಶೇಷದಿಂದ ಭಾಗಿಸಬೇಕು. ಹೀಗೆಯೇ ಭಾಜಕವನ್ನು ಶೇಷದಿಂದ ಭಾಗಿಸುತ್ತ ಹೋದರೆ ಒಂದು ಹಂತದಲ್ಲಿ ಶೇಷವು ಸೊನ್ನೆಯಾಗುತ್ತದೆ. ಆಗಿನ ಭಾಜಕವೇ ಬೇಕಾದ ಅಪವರ್ತನ. ಯೂಕ್ಲಿಡನು ಸಂಖ್ಯೆಗಳನ್ನು ರೇಖೆಗಳೆಂದು ಭಾವಿಸಿದ್ದರಿಂದ ಅವನ ಮಾತಿನಲ್ಲಿ ಇದು ಭಾಗಾಹಾರವಲ್ಲ. ಉದ್ದ ರೇಖೆಯಿಂದ ಗಿಡ್ಡ ರೇಖೆಯನ್ನು ಸರದಿಯಂತೆ ಕಳೆಯುತ್ತ ಹೋಗುವ ಕ್ರಿಯೆ. ಅನೇಕ ಸಲ ಕಳೆಯುವುದನ್ನು ಒಂದೇ ಸಲಕ್ಕೆ ಮಾಡಿದರೆ ಅದೇ ಭಾಗಾಹಾರ.

391 ಮತ್ತು 299 ಎಂಬ ಸಂಖ್ಯೆಗಳನ್ನು ತೆಗೆದುಕೊಳ್ಳೋಣ.

391 = 1 × 299 + 92
299 = 3 × 92 + 23
92 = 4 × 23 + 0

ಉತ್ತರ 23. ಇದು ಹೀಗೇಕೆ? 391 ಮತ್ತು 299 ಎರಡನ್ನೂ ಭಾಗಿಸುವ ಸಂಖ್ಯೆಯು ಅವುಗಳ ವ್ಯತ್ಯಾಸವಾದ 92ನ್ನೂ ಭಾಗಿಸಲೇಬೇಕು. ಹಾಗೆಯೇ 299 ಮತ್ತು 92ನ್ನು ಭಾಗಿಸುವುದು ಅವುಗಳ ಮೊತ್ತವಾದ 391ನ್ನೂ ಭಾಗಿಸುತ್ತದೆ. ಆದುದರಿಂದ ಮೊದಲ ಜೋಡಿಯ ಸಾಮಾನ್ಯ ಭಾಜಕಗಳೆಲ್ಲವೂ ಎರಡನೆಯ ಜೋಡಿಯ ಸಾಮಾನ್ಯ ಭಾಜಕಗಳೇ. ಒಂದೂ ಕಳೆಯುವುದಿಲ್ಲ, ಹೊಸದಾಗಿ ಒಂದೂ ಸೇರುವುದಿಲ್ಲ. ಪ್ರತಿ ಹಂತದಲ್ಲಿಯೂ ಸಂಖ್ಯೆಗಳು ಕುಗ್ಗುತ್ತವೆಯೇ ಹೊರತು ಅವುಗಳ ಅಪವರ್ತನ ಬದಲಾಗದು. ಶೇಷವು ಯಾವಾಗಲೂ ಭಾಜಕಕ್ಕಿಂತ ಚಿಕ್ಕದಾದುದರಿಂದ ಕ್ರಿಯೆ ಎಲ್ಲಿಯಾದರೂ ಮುಗಿಯಲೇಬೇಕು. ಎಷ್ಟು ಬೇಗ ಮುಗಿಯುತ್ತದೆಂಬುದನ್ನು ಫ್ರಾನ್ಸಿನ ಲಾಮೆ 1844ರಲ್ಲಿ ತೋರಿಸಿಕೊಟ್ಟನು: ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದರ ಐದರಷ್ಟಕ್ಕಿಂತ ಹೆಚ್ಚು ಭಾಗಾಹಾರಗಳು ಎಂದಿಗೂ ಬೇಕಾಗವು.

ಯೂಕ್ಲಿಡನು ಇಲ್ಲಿಗೆ ನಿಲ್ಲಿಸಿದ. ಆದರೆ ಅವನು ಬಿಟ್ಟುಹೋದ ಭಾಗಲಬ್ಧಗಳಲ್ಲಿಯೇ ಹೆಚ್ಚಿನ ಸ್ವಾರಸ್ಯವಿದೆ. ಮೇಲಿನ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ, 23 ಎಂಬುದು 299ರಿಂದ 92ನ್ನು ಮೂರು ಸಲ ಕಳೆದುದು. ಆ 92 ಎಂಬುದು 391ರಿಂದ 299ನ್ನು ಕಳೆದುದು. ಒಂದನ್ನು ಇನ್ನೊಂದರಲ್ಲಿ ಆದೇಶಿಸಿದರೆ 23 = 4 × 299 − 3 × 391 ಎಂದಾಗುತ್ತದೆ. ಅಂದರೆ ಮಹತ್ತಮ ಸಾಮಾನ್ಯ ಅಪವರ್ತನವನ್ನು ಆ ಎರಡು ಸಂಖ್ಯೆಗಳಿಂದಲೇ, ಪೂರ್ಣಾಂಕ ಗುಣಕಗಳ ನೆರವಿನಿಂದ, ಕಟ್ಟಿ ನಿಲ್ಲಿಸಬಹುದು. ಯೂರೋಪಿನಲ್ಲಿ ಇದು 17ನೆಯ ಶತಮಾನದಲ್ಲಿ ಬಾಶೆಯ ಬರಹದಲ್ಲಿ ಕಾಣಿಸಿಕೊಂಡು, ಮುಂದೆ ಬೆಜೂ ಎಂಬವನ ಹೆಸರನ್ನು ಪಡೆಯಿತು. ಭಾರತದಲ್ಲಿ ಇದರ ಬಳಕೆ ಅದಕ್ಕೆ ಸಾವಿರ ವರ್ಷಗಳಿಗೂ ಹಿಂದಿನದು. ಆರ್ಯಭಟನು ತನ್ನ 'ಆರ್ಯಭಟೀಯ'ದ ಗಣಿತಪಾದದ ಕೊನೆಯ ಎರಡು ಪದ್ಯಗಳಲ್ಲಿ ಇದನ್ನು ಸೂತ್ರರೂಪವಾಗಿ ಹೇಳಿದ್ದಾನೆ. ಅವನ ಕಾಲಗಣನೆಯ ನೆಲೆ ಕ್ರಿ.ಶ. 499. ಆ ಪದ್ಯಗಳು ತೀರ ಸಂಕ್ಷಿಪ್ತವಾಗಿದ್ದು, 629ರಲ್ಲಿ ಒಂದನೆಯ ಭಾಸ್ಕರನು ಬರೆದ ಭಾಷ್ಯವಿಲ್ಲದಿದ್ದರೆ ಅರ್ಥವಾಗುವುದು ದುಸ್ಸಾಧ್ಯವಾಗುತ್ತಿತ್ತು. ಈ ವಿಧಾನಕ್ಕೆ ಕುಟ್ಟಕ ಅಥವಾ ಕುಟ್ಟಾಕಾರ ಎಂಬ ಹೆಸರು ನಿಂತಿತು. ದೊಡ್ಡ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಪುಡಿಮಾಡುವುದೆಂಬ ಅರ್ಥದ ಈ ಹೆಸರು ಯೂಕ್ಲಿಡನ ಹೆಸರಿಗಿಂತ ಕ್ರಿಯೆಗೆ ಹೆಚ್ಚು ಹತ್ತಿರವಾದುದು.

ಜ್ಯೋತಿಷಿಗಳಿಗೆ ಇದು ಬೇಕಾದುದು ಯಾತಕ್ಕೆ? ಆರ್ಯಭಟನ ಮತದಂತೆ ಒಂದು ಮಹಾಯುಗದಲ್ಲಿ ಸೂರ್ಯನು 43,20,000 ಸುತ್ತು ಬರುತ್ತಾನೆ. ಅದೇ ಅವಧಿಯಲ್ಲಿ 1,57,79,17,500 ದಿನಗಳು ಕಳೆಯುತ್ತವೆ. ಇವೆರಡರ ಮೇಲೆ ಪರಸ್ಪರ ಭಾಗಾಹಾರವನ್ನು ನಡೆಸಿದರೆ ಏಳೇ ಹೆಜ್ಜೆಗಳಲ್ಲಿ 7500 ಎಂಬ ಅಪವರ್ತನ ದೊರೆಯುತ್ತದೆ. ಅದರಿಂದ ಎರಡನ್ನೂ ಭಾಗಿಸಿದರೆ 576 ಮತ್ತು 2,10,389 ಉಳಿಯುತ್ತವೆ. ಇನ್ನು ಕುಗ್ಗಲಾರದ ಇಂತಹ ಸಂಖ್ಯೆಗಳಿಗೆ 'ದೃಢ' ಎಂಬ ಸೊಗಸಾದ ಹೆಸರಿದೆ. ಈಗ ಸಂಗತಿ ಹಗುರವಾಯಿತು: 2,10,389 ದಿನಗಳಲ್ಲಿ ಸರಿಯಾಗಿ 576 ಸುತ್ತು.

ಯುಗಾದಿಯಿಂದ ಇಷ್ಟು ದಿನಗಳಾದವೆಂದು ಗೊತ್ತಿದ್ದರೆ ಮಧ್ಯಮ ಸೂರ್ಯನ ಸ್ಥಾನವನ್ನು ಹೇಳುವುದು ಸುಲಭ. ದಿನಗಳನ್ನು 576ರಿಂದ ಗುಣಿಸಿ 2,10,389ರಿಂದ ಭಾಗಿಸಿದರೆ ಲಬ್ಧವು ಪೂರ್ತಿಯಾದ ಸುತ್ತುಗಳು, ಉಳಿದುದು ಭಗಣಶೇಷ. ಕುಟ್ಟಕದ ಪ್ರಶ್ನೆ ಇದರ ವಿಪರೀತ: ಭಗಣಶೇಷವನ್ನಷ್ಟೇ ಕೊಟ್ಟರೆ, ಕಳೆದ ದಿನಗಳೆಷ್ಟು, ಸುತ್ತುಗಳೆಷ್ಟು?

ಮೊದಲು ಭಾಗಾಹಾರ.

210389 = 365 × 576 + 149
576 = 3 × 149 + 129
149 = 1 × 129 + 20
129 = 6 × 20 + 9
20 = 2 × 9 + 2
9 = 4 × 2 + 1

ಮೊದಲನೆಯ ಸಾಲನ್ನು ನೋಡಿದೊಡನೆ ವರ್ಷದ ಪರಿಮಾಣ ಕಣ್ಣಿಗೆ ಬೀಳುತ್ತದೆ: 365 ದಿನ, ಮತ್ತು ದಿನದ 576 ಭಾಗಗಳಲ್ಲಿ 149, ಅಂದರೆ 6 ಗಂಟೆ 12 ನಿಮಿಷ 30 ಸೆಕೆಂಡು. ಕೊನೆಯ ಶೇಷ 1 ಆಗಿರುವುದು ಸಂಖ್ಯೆಗಳು ದೃಢವಾಗಿವೆಯೆಂಬುದಕ್ಕೆ ಸಾಕ್ಷಿ.

ಇನ್ನು ಕೆಳಗಿನಿಂದ ಮೇಲಕ್ಕೆ ಬರಬೇಕು. ಆದೇಶಿಸುತ್ತ ಬರುವ ಶ್ರಮವನ್ನು ತಪ್ಪಿಸಲು ನಮ್ಮವರು 'ವಲ್ಲಿ'ಯನ್ನು, ಎಂದರೆ ಬಳ್ಳಿಯನ್ನು, ಕಲ್ಪಿಸಿದರು. ಭಾಗಲಬ್ಧಗಳನ್ನು ಒಂದರ ಕೆಳಗೊಂದರಂತೆ 365, 3, 1, 6, 2, 4 ಎಂದು ಬರೆದು, ಅವುಗಳ ಕೆಳಗೆ 1ನ್ನೂ ಅದರ ಕೆಳಗೆ 0ಯನ್ನೂ ಇಡಬೇಕು. ಕೊನೆಯಿಂದ ಎರಡನೆಯದನ್ನು ಅದರ ಮೇಲಿನದರಿಂದ ಗುಣಿಸಿ, ಕೊನೆಯದನ್ನು ಕೂಡಿಸಿ, ಬಂದುದನ್ನು ಆ ಮೇಲಿನ ಲಬ್ಧದ ಸ್ಥಾನದಲ್ಲಿಟ್ಟು, ಕೊನೆಯದನ್ನು ಅಳಿಸಬೇಕು. 4 × 1 + 0 = 4; 2 × 4 + 1 = 9; 6 × 9 + 4 = 58; 1 × 58 + 9 = 67; 3 × 67 + 58 = 259; 365 × 259 + 67 = 94,602. ಕಡೆಗೆ ಬಳ್ಳಿಯಲ್ಲಿ ಉಳಿಯುವುವು ಎರಡೇ ಸಂಖ್ಯೆಗಳು, 94,602 ಮತ್ತು 259. ತಾಳೆ ನೋಡಿದರೆ,

94602 × 576 = 5,44,90,752
259 × 210389 = 5,44,90,751

ವ್ಯತ್ಯಾಸ ಸರಿಯಾಗಿ ಒಂದು. ಯುಗಾದಿಯಿಂದ 94,602 ದಿನಗಳಾದಾಗ ಸೂರ್ಯನು 259 ಸುತ್ತುಗಳನ್ನು ಮುಗಿಸಿ, ಭಗಣಶೇಷವು 1 ಆಗಿರುತ್ತದೆಂದು ಇದರ ತಾತ್ಪರ್ಯ.

ಇಲ್ಲಿ ಎಡವುವ ಸ್ಥಳವೊಂದಿದೆ. ಭಾಗಲಬ್ಧಗಳ ಸಂಖ್ಯೆ ಸಮವಾಗಿದ್ದರೆ (ಇಲ್ಲಿ ಆರು) ಚಿಕ್ಕ ಸಂಖ್ಯೆಯ ಗುಣಲಬ್ಧ ಒಂದರಿಂದ ಹೆಚ್ಚು. ವಿಷಮವಾಗಿದ್ದರೆ ದೊಡ್ಡದರ ಗುಣಲಬ್ಧ ಹೆಚ್ಚು. 7 ಮತ್ತು 3ರಲ್ಲಿ ಒಂದೇ ಲಬ್ಧವಿರುವುದರಿಂದ ಬಳ್ಳಿಯಲ್ಲಿ 2 ಮತ್ತು 1 ಬರುತ್ತವೆ. ಆದರೆ 2 × 3 ಎಂಬುದು 1 × 7ಕ್ಕಿಂತ ಒಂದು ಕಡಮೆ. ಇದನ್ನು ಗಮನಿಸದೆ ಮುಂದುವರಿದರೆ ಧನದ ಸ್ಥಳದಲ್ಲಿ ಋಣ ಬಂದು ಉತ್ತರವೆಲ್ಲ ತಲೆಕೆಳಗಾಗುತ್ತದೆ. ಎರಡು ಗುಣಾಕಾರಗಳನ್ನು ಮಾಡಿ ತಾಳೆ ನೋಡುವುದೊಂದೇ ಇದಕ್ಕೆ ಪರಿಹಾರ.

ಶೇಷ 1ಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿದವುಗಳಿಗೆ ಪ್ರತ್ಯೇಕ ಶ್ರಮವಿಲ್ಲ. ಭಗಣಶೇಷ 100 ಎಂದಿಟ್ಟುಕೊಳ್ಳೋಣ. 94,602ನ್ನು 100ರಿಂದ ಗುಣಿಸಿದರೆ 94,60,200. ಅದರಿಂದ 2,10,389ನ್ನು 44 ಸಲ ಕಳೆದರೆ 2,03,084 ದಿನಗಳು. ಹಾಗೆಯೇ 25,900ರಿಂದ 576ನ್ನು 44 ಸಲ ಕಳೆದರೆ 556 ಸುತ್ತುಗಳು. 2,03,084 × 576ನ್ನು 2,10,389ರಿಂದ ಭಾಗಿಸಿ ನೋಡಿದರೆ ಲಬ್ಧ 556, ಶೇಷ 100. ಪ್ರತಿ 2,10,389 ದಿನಗಳಿಗೊಮ್ಮೆ ಇದೇ ಶೇಷ ಮರಳಿ ಬರುವುದರಿಂದ ಇದು ಕನಿಷ್ಠ ಉತ್ತರವೇ ಹೊರತು ಏಕಮಾತ್ರ ಉತ್ತರವಲ್ಲ.

ಆದರೆ ಆಕಾಶದಲ್ಲಿ ಸೂರ್ಯನನ್ನು ನೋಡಿ ಹೀಗೆ ಕಾಲವನ್ನು ಅಳೆಯಬಹುದೆಂದು ಭಾವಿಸಬಾರದು. ಭಗಣಶೇಷ 100 ಎಂದರೆ ಮಧ್ಯಮ ಸೂರ್ಯನು ಮೇಷಾದಿಯನ್ನು ದಾಟಿ ದಿನದ 576ರಲ್ಲಿ 100 ಭಾಗ, ಅಂದರೆ 4 ಗಂಟೆ 10 ನಿಮಿಷ ಆಗಿದೆಯೆಂದರ್ಥ. ಶೇಷದಲ್ಲಿ ಒಂದು ವ್ಯತ್ಯಾಸವೆಂದರೆ ಕೇವಲ ಎರಡೂವರೆ ನಿಮಿಷ. ಅಷ್ಟು ತಪ್ಪಿದರೂ ಉತ್ತರವು 94,602 ದಿನಗಳಷ್ಟು, ಎಂದರೆ 259 ವರ್ಷಗಳಷ್ಟು, ಜಾರಿಬಿಡುತ್ತದೆ. ಕುಟ್ಟಕಕ್ಕೆ ಬೇಕಾದುದು ನಿಖರವಾದ ಪೂರ್ಣಾಂಕ. ಸುಮಾರು ಎಂಬ ಮಾತು ಅಲ್ಲಿ ನಡೆಯದು.

ಉತ್ತರವೇ ಇಲ್ಲದ ಪ್ರಶ್ನೆಗಳೂ ಉಂಟು. ದೃಢಗೊಳಿಸದ ಮೂಲ ಸಂಖ್ಯೆಗಳನ್ನೇ ಇಟ್ಟುಕೊಂಡು ಶೇಷವನ್ನು 1,00,000 ಎಂದು ಕೇಳಿದರೆ, 43,20,000ದ ಯಾವ ಗುಣಿತದಿಂದಲೂ ಅದು ದೊರಕದು. ಎರಡು ಸಂಖ್ಯೆಗಳಿಂದ ಏನನ್ನು ಕಟ್ಟಿದರೂ ಅದು 7500ರ ಗುಣಿತವಾಗಿರಬೇಕು, 1,00,000 ಹಾಗಿಲ್ಲ. ಇಂತಹ ಪ್ರಶ್ನೆಯನ್ನು ಎರಡನೆಯ ಭಾಸ್ಕರನು 'ಲೀಲಾವತಿ'ಯಲ್ಲಿ 'ದುಷ್ಟ'ವೆಂದು ಕರೆದು ಪಕ್ಕಕ್ಕೆ ಸರಿಸುತ್ತಾನೆ. ಆದುದರಿಂದಲೇ ಅಪವರ್ತನವನ್ನು ಕಾಣುವುದು ಮೊದಲ ಕೆಲಸ, ಬಳ್ಳಿ ಎಳೆಯುವುದು ಅನಂತರದ್ದು.

ಕನ್ನಡ ನಾಡಿನಲ್ಲಿ ಈ ಬಳ್ಳಿ ಆಕಾಶದಿಂದ ನೆಲಕ್ಕಿಳಿಯಿತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ವಲ್ಲಿಕಾ ಕುಟ್ಟೀಕಾರವನ್ನು ಹಣ್ಣಿನ ರಾಶಿಗಳಿಗೆ ಹಚ್ಚುತ್ತಾನೆ. ಸಮಾನವಾದ 63 ಬಾಳೆಹಣ್ಣಿನ ರಾಶಿಗಳು, ಬಿಡಿಯಾಗಿ 7 ಹಣ್ಣುಗಳು. ಇವನ್ನು 23 ಪಯಣಿಗರು ಸರಿಸಮವಾಗಿ ಹಂಚಿಕೊಂಡರು. ರಾಶಿಯೊಂದರಲ್ಲಿ ಎಷ್ಟು ಹಣ್ಣುಗಳಿದ್ದುವು? 63ನ್ನೂ 23ನ್ನೂ ಪರಸ್ಪರ ಭಾಗಿಸಿದರೆ ಶೇಷ 1 ಬರುವವರೆಗಿನ ಲಬ್ಧಗಳು 2, 1, 2, 1. ಕೆಳಗೆ 1ರ ಬದಲು 7ನ್ನೇ ಇಟ್ಟು, ಅದರಡಿ ಸೊನ್ನೆಯಿಟ್ಟು ಬಳ್ಳಿಯನ್ನೇರಿದರೆ 7, 21, 28, 77 ಎಂದು ಬರುತ್ತವೆ. 28ರಿಂದ 23ನ್ನು ಕಳೆದರೆ 5, 77ರಿಂದ 63ನ್ನು ಕಳೆದರೆ 14. ರಾಶಿಗೆ 5ರಂತೆ 315 ಹಣ್ಣುಗಳು, ಬಿಡಿ 7 ಸೇರಿ 322. ಒಬ್ಬೊಬ್ಬ ಪಯಣಿಗನಿಗೆ 14.