ಫೆಬ್ರವರಿ ಬರುವವರೆಗೆ ಕಾಯಬೇಕಿಲ್ಲ

2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಕಂಪನಿಯ ‘ಝೂನ್ 30’ ಎಂಬ ಹಾಡು ಕೇಳುವ ಪುಟ್ಟ ಯಂತ್ರಗಳು ಒಂದೇ ದಿನ ಎಲ್ಲರ ಕೈಯಲ್ಲೂ ಕೆಟ್ಟು ನಿಂತವು. ಆನ್ ಮಾಡಿದರೆ ಆರಂಭದ ಚಿತ್ರ ಕಾಣಿಸುತ್ತಿತ್ತು, ಅಲ್ಲಿಂದಾಚೆಗೆ ಏನೂ ಇಲ್ಲ. ಬ್ಯಾಟರಿ ಪೂರ್ತಿ ಇಳಿಯಲು ಬಿಟ್ಟು, ಮಾರನೆಯ ದಿನ ಮಧ್ಯಾಹ್ನದ ಮೇಲೆ ಮತ್ತೆ ಚಾಲೂ ಮಾಡಿ ಎಂದು ಕಂಪನಿ ಹೇಳಿತು. ತಪ್ಪು ಇದ್ದದ್ದು ಇಸವಿ ಲೆಕ್ಕ ಹಾಕುವ ಕೆಲವೇ ಸಾಲುಗಳಲ್ಲಿ. ಯಂತ್ರದ ಬಳಿ 1980ರಿಂದ ಈವರೆಗೆ ಎಷ್ಟು ದಿನ ಕಳೆದವು ಎಂಬ ಒಂದು ಸಂಖ್ಯೆ ಇರುತ್ತಿತ್ತು. ಅದರಿಂದ ಪ್ರತಿ ವರ್ಷಕ್ಕೆ 365ರಂತೆ, ಅಧಿಕ ವರ್ಷವಾದರೆ 366ರಂತೆ ಕಳೆಯುತ್ತ ಬಂದರೆ ಇದು ಯಾವ ಇಸವಿ ಎಂದು ಗೊತ್ತಾಗುತ್ತದೆ. ಉಳಿದ ದಿನಗಳು 365ಕ್ಕಿಂತ ಹೆಚ್ಚಿರುವವರೆಗೂ ಕಳೆಯುವ ಸುತ್ತು ನಡೆಯುತ್ತಿರಬೇಕು, ಆದರೆ ಅಧಿಕ ವರ್ಷದಲ್ಲಿ 366ಕ್ಕಿಂತ ಹೆಚ್ಚಿದ್ದರೆ ಮಾತ್ರ ಕಳೆಯಬೇಕು ಎಂದು ಬರೆದಿದ್ದರು. ಹಾಗಾದರೆ ಸರಿಯಾಗಿ 366 ಉಳಿದಾಗ? ಕಳೆಯುವಂತಿಲ್ಲ, ಸುತ್ತು ಬಿಡುವಂತೆಯೂ ಇಲ್ಲ. ಯಂತ್ರ ಅಲ್ಲಿಯೇ ಗಿರಕಿ ಹೊಡೆಯಿತು. ಝೂನ್ ಮಾರಾಟಕ್ಕೆ ಬಂದದ್ದು 2006ರ ನವೆಂಬರ್‌ನಲ್ಲಿ. ಅದು ಕಂಡ ಮೊದಲ ಅಧಿಕ ವರ್ಷದ 366ನೆಯ ದಿನ ಆ ಡಿಸೆಂಬರ್ 31.

ಇಂಥ ತಪ್ಪನ್ನು ಮೊದಲೇ ಹಿಡಿಯಲು ಅಧಿಕ ವರ್ಷ ಬರುವ ತನಕ ಕಾಯಬೇಕಿರಲಿಲ್ಲ. ಅಲಾರಂ ಗಡಿಯಾರ ಕೊಳ್ಳುವವರು ಅದು ಬಡಿಯುತ್ತದೋ ಇಲ್ಲವೋ ನೋಡಲು ಬೆಳಗಿನ ಜಾವದವರೆಗೆ ಅಂಗಡಿಯಲ್ಲಿ ಕೂರುವುದಿಲ್ಲ, ಮುಳ್ಳು ತಿರುಗಿಸಿ ನೋಡುತ್ತಾರೆ. ಸಾಫ್ಟ್‌ವೇರ್ ಪರೀಕ್ಷೆಯಲ್ಲೂ ಅದನ್ನೇ ಮಾಡಬಹುದು. ಪ್ರೋಗ್ರಾಮಿಗೆ ಕಂಪ್ಯೂಟರಿನ ನಿಜವಾದ ಗಡಿಯಾರದ ಬದಲು ನಮ್ಮ ಕೈಯಲ್ಲಿರುವ ಒಂದು ಹುಸಿ ಗಡಿಯಾರ ಕೊಟ್ಟು, ಬೇಕಾದ ಹೊತ್ತಿಗೆ ತಿರುಗಿಸುವುದು. ಇದಕ್ಕೆ ಫೇಕ್ ಕ್ಲಾಕ್ ಎನ್ನುತ್ತಾರೆ.

ನಮಗೆಲ್ಲ ಪರಿಚಯವಿರುವ ಒಂದು ವ್ಯವಹಾರದಲ್ಲೇ ಇದನ್ನು ನೋಡೋಣ. ಯಾವುದೋ ಸೇವೆಗೆ ತಿಂಗಳ ಚಂದಾ ಇದೆ, ಹಣ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಪ್ರತಿ ರಾತ್ರಿ 12 ಗಂಟೆ 15 ನಿಮಿಷಕ್ಕೆ ಒಂದು ಪ್ರೋಗ್ರಾಂ ಎದ್ದು, ಇವತ್ತು ಯಾರ ಚಂದಾ ಕಟ್ಟುವ ದಿನ ಎಂದು ನೋಡಿ ಅವರ ಹಣ ಕಡಿಯುತ್ತದೆ. ಒಬ್ಬ ಗ್ರಾಹಕರು 2025ರ ಜನವರಿ 31ರಂದು ಸೇರಿದರು ಎಂದುಕೊಳ್ಳಿ. ಫೆಬ್ರವರಿಯಲ್ಲಿ 31 ಇಲ್ಲ, ಹಾಗಾಗಿ 28ಕ್ಕೆ ಕಡಿತ. ಮಾರ್ಚಿನಲ್ಲಿ ಮತ್ತೆ 31ಕ್ಕೆ, ಏಪ್ರಿಲ್‌ನಲ್ಲಿ 30ಕ್ಕೆ. ಗ್ರಾಹಕರು ನಿರೀಕ್ಷಿಸುವುದು ಇದನ್ನೇ.

ಇದನ್ನು ಪರೀಕ್ಷಿಸುವ ಮುನ್ನ ಪ್ರೋಗ್ರಾಮಿನಲ್ಲಿ ಒಂದು ಬದಲಾವಣೆ ಆಗಬೇಕು. ಸಾಮಾನ್ಯವಾಗಿ ಬರೆಯುವವರು ಸಮಯ ಬೇಕಾದಲ್ಲೆಲ್ಲ `datetime.now()` ಎಂದು ನೇರವಾಗಿ ಕಂಪ್ಯೂಟರನ್ನೇ ಕೇಳಿಬಿಡುತ್ತಾರೆ. ಹಾಗೆ ಬರೆದ ಪ್ರೋಗ್ರಾಮಿಗೆ ಇವತ್ತು ಬಿಟ್ಟು ಬೇರೆ ದಿನವೇ ಇಲ್ಲ. ಅದರ ಬದಲು ಸಮಯ ಹೇಳುವವರು ಯಾರು ಎಂಬುದನ್ನು ಹೊರಗಿನಿಂದ ಕೊಡಬೇಕು. ನಿಜವಾದ ಕೆಲಸದಲ್ಲಿ ನಿಜವಾದ ಗಡಿಯಾರ, ಪರೀಕ್ಷೆಯಲ್ಲಿ ಹುಸಿಯದು. ಪೈಥಾನ್ ಭಾಷೆಯಲ್ಲಿ ಹುಸಿ ಗಡಿಯಾರ ಇಷ್ಟೇ:

```python
class FakeClock:
    def __init__(self, start):
        self.t = start
    def now(self):
        return self.t
    def advance(self, delta):
        self.t += delta
```

`now` ಕೇಳಿದರೆ ತನ್ನಲ್ಲಿರುವ ಸಮಯ ಹೇಳುತ್ತದೆ. `advance` ಎಂದರೆ ಅಷ್ಟು ಮುಂದೆ ಹೋಗುತ್ತದೆ. ಯಾರೂ ಮುಟ್ಟದಿದ್ದರೆ ಅದು ಕದಲುವುದಿಲ್ಲ. ಇನ್ನು ಪರೀಕ್ಷೆ:

```python
clock = FakeClock(
    datetime(2025, 1, 30, 18, 45, tzinfo=timezone.utc))
for _ in range(120):
    run_daily(clock, ledger)
    clock.advance(timedelta(days=1))

assert ledger.dates() == ["2025-01-31", "2025-02-28",
                          "2025-03-31", "2025-04-30"]
```

ರಾತ್ರಿಯ ಕೆಲಸವನ್ನು 120 ಬಾರಿ ಕರೆದು, ಪ್ರತಿ ಬಾರಿಯೂ ಗಡಿಯಾರವನ್ನು ಒಂದು ದಿನ ಮುಂದೂಡಿ, ಕೊನೆಗೆ ಯಾವ್ಯಾವ ದಿನ ಹಣ ಹೋಗಿದೆ ಎಂದು ಲೆಕ್ಕದ ಪುಸ್ತಕ ತೆರೆದು ನೋಡುತ್ತೇವೆ. ನಾಲ್ಕು ತಿಂಗಳ ವ್ಯವಹಾರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಈ ಪರೀಕ್ಷೆ ಹಿಡಿಯುವ ಮೊದಲ ತಪ್ಪು ಬಹಳ ಜನ ಮಾಡುವಂಥದ್ದು. ಮುಂದಿನ ಕಡಿತದ ದಿನ ಕಂಡುಕೊಳ್ಳಲು ‘ಹಿಂದಿನ ಕಡಿತದ ದಿನಕ್ಕೆ ಒಂದು ತಿಂಗಳು ಕೂಡು’ ಎಂದು ಬರೆದಿದ್ದರೆ ಏನಾಗುತ್ತದೆ? ಜನವರಿ 31ಕ್ಕೆ ಒಂದು ತಿಂಗಳು ಕೂಡಿದರೆ ಫೆಬ್ರವರಿ 28. ಅದಕ್ಕೆ ಇನ್ನೊಂದು ತಿಂಗಳು ಕೂಡಿದರೆ ಮಾರ್ಚ್ 28. ಒಮ್ಮೆ 28ಕ್ಕೆ ಇಳಿದದ್ದು ಮತ್ತೆಂದೂ 31ಕ್ಕೆ ಏರುವುದಿಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ನಾಲ್ಕರ ಬದಲು ಐದು ಕಡಿತ ಕಾಣಿಸುತ್ತದೆ, ಏಕೆಂದರೆ ಮೇ 28 ಕೂಡ 120 ದಿನಗಳ ಒಳಗೇ ಬಂದುಬಿಡುತ್ತದೆ. ಸರಿಯಾದ ದಾರಿ ಎಂದರೆ ಸೇರಿದ ದಿನವನ್ನು ಹಾಗೆಯೇ ಇಟ್ಟುಕೊಂಡು, ಅದಕ್ಕೆ ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು ಎಂದು ಪ್ರತಿ ಬಾರಿಯೂ ಮೊದಲಿನಿಂದ ಕೂಡುವುದು. ಗಮನಿಸಬೇಕಾದ್ದು, ಜನವರಿಯಿಂದ ಫೆಬ್ರವರಿಗೆ ಹೋಗುವ ಒಂದೇ ಹೆಜ್ಜೆ ನೋಡಿದ್ದರೆ ಎರಡೂ ವಿಧಾನ ಸರಿಯೆಂದೇ ಕಾಣುತ್ತಿದ್ದವು. ಅದಕ್ಕೇ ಗಡಿಯಾರವನ್ನು ದಿನದಿನವೂ ನಡೆಸಿಕೊಂಡು ಹೋಗುವುದು ಒಳ್ಳೆಯದು. ಕುತೂಹಲದ ತಾರೀಖಿಗೆ ಒಂದೇ ಜಿಗಿತದಲ್ಲಿ ಹೋಗಿ ನೋಡುವವರಿಗೆ ನಡುವೆ ಸರಿದುಹೋದದ್ದು ಕಾಣುವುದಿಲ್ಲ.

ಜಿಗಿಯಬೇಕಾದ ಸಂದರ್ಭವೂ ಒಂದಿದೆ. ಫೆಬ್ರವರಿ 28ರ ರಾತ್ರಿ ಸರ್ವರ್ ಕೆಟ್ಟಿತ್ತು, ಕೆಲಸ ನಡೆದದ್ದು ಮಾರ್ಚ್ 2ಕ್ಕೆ ಎಂದುಕೊಳ್ಳಿ. ಪ್ರೋಗ್ರಾಂ ‘ಕಟ್ಟುವ ದಿನ ಇವತ್ತೇ ಆಗಿದ್ದರೆ’ ಎಂದು ನೋಡುತ್ತಿದ್ದರೆ ಆ ತಿಂಗಳ ಕಡಿತ ಶಾಶ್ವತವಾಗಿ ತಪ್ಪಿತು. ‘ಇವತ್ತು ಅಥವಾ ಅದಕ್ಕೂ ಮೊದಲಾಗಿದ್ದು, ಇನ್ನೂ ಕಡಿದಿಲ್ಲದಿದ್ದರೆ’ ಎಂದು ನೋಡಬೇಕು. ಪರೀಕ್ಷೆಯಲ್ಲಿ ಮಧ್ಯೆ ಎರಡು ದಿನ ಕೆಲಸವನ್ನು ಕರೆಯದೆ ಗಡಿಯಾರವನ್ನು ಮಾತ್ರ ಮುಂದೂಡಿದರೆ ಇದು ಬಯಲಾಗುತ್ತದೆ. ಸರ್ವರ್ ಕೆಡುವುದನ್ನು ನಾವಾಗಿ ಏರ್ಪಡಿಸಿದಂತೆ ಇದು.

ಈಗ ಮೇಲಿನ ಪರೀಕ್ಷೆಯ ಮೊದಲ ಸಾಲಿಗೆ ಬರೋಣ. ಜನವರಿ 31ರ ರಾತ್ರಿ 12.15 ಎನ್ನುವ ಬದಲು ಅಲ್ಲಿ ಜನವರಿ 30, 18.45 ಎಂದು ಬರೆದಿದೆ. ಸರ್ವರ್‌ಗಳ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ಇಟ್ಟಿರುತ್ತಾರೆ, ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ನಮ್ಮಲ್ಲಿ ಮಧ್ಯರಾತ್ರಿ ಕಳೆದು 31 ಹುಟ್ಟಿದ್ದರೂ ಸರ್ವರ್‌ನಲ್ಲಿ ಇನ್ನೂ 30ರ ಸಂಜೆ. ಪ್ರೋಗ್ರಾಂ ಸಮಯವನ್ನು ಭಾರತೀಯ ಕಾಲಮಾನಕ್ಕೆ ಬದಲಾಯಿಸಿಕೊಳ್ಳದೆ ತಾರೀಖನ್ನು ಮಾತ್ರ ಕಿತ್ತುಕೊಂಡರೆ, ಫೆಬ್ರವರಿ 28ರ ರಾತ್ರಿ ಎದ್ದಾಗ ಅದಕ್ಕೆ ಕಾಣುವುದು 27. ಮಾರನೆಯ ರಾತ್ರಿ ಎದ್ದಾಗ 28 ಕಾಣುತ್ತದೆ, ಆಗ ಹಣ ಕಡಿಯುತ್ತದೆ, ಆದರೆ ಗ್ರಾಹಕರ ಬ್ಯಾಂಕಿನಲ್ಲಿ ಆ ಹೊತ್ತಿಗೆ ಮಾರ್ಚ್ 1. ರಸೀದಿಯಲ್ಲಿ ಒಂದು ತಿಂಗಳು, ಪಾಸ್‌ಬುಕ್ಕಿನಲ್ಲಿ ಇನ್ನೊಂದು.

ಪರೀಕ್ಷೆ ಬರೆಯುವವರು ಹುಸಿ ಗಡಿಯಾರವನ್ನೇ ಭಾರತೀಯ ಕಾಲಮಾನಕ್ಕೆ ಇಟ್ಟುಬಿಟ್ಟರೆ ಈ ದೋಷ ಅಡಗಿಹೋಗುತ್ತದೆ. ಪರೀಕ್ಷೆ ಪಾಸಾಗುತ್ತದೆ, ಸರ್ವರ್‌ನಲ್ಲಿ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ವಿಧಾನದಲ್ಲಿ ಅತಿ ಹೆಚ್ಚು ಎಚ್ಚರ ಬೇಡುವ ಜಾಗ ಇದು. ಹುಸಿ ಗಡಿಯಾರ ಸಮಯದಲ್ಲಿ ಮಾತ್ರ ಹುಸಿಯಾಗಿರಬೇಕು, ಸಮಯ ಹೇಳುವ ರೀತಿಯಲ್ಲಿ ಸರ್ವರ್‌ನ ಗಡಿಯಾರದಂತೆಯೇ ಇರಬೇಕು. ಹುಸಿ ಗಡಿಯಾರವನ್ನೇ ಬಳಸದ ಪರೀಕ್ಷೆಗಳಲ್ಲಿ ಈ ದೋಷ ಇನ್ನೊಂದು ರೂಪದಲ್ಲಿ ತೋರುತ್ತದೆ. ಹಗಲೆಲ್ಲ ಪಾಸಾಗುವ ಪರೀಕ್ಷೆ ರಾತ್ರಿ 12ರಿಂದ ಬೆಳಗಿನ 5.30ರ ನಡುವೆ ಓಡಿಸಿದರೆ ಮಾತ್ರ ಫೇಲಾಗುತ್ತದೆ. ಎರಡೂ ಕಡೆಯ ತಾರೀಖು ಬೇರೆಯಾಗಿರುವುದು ಆ ಐದೂವರೆ ಗಂಟೆ ಮಾತ್ರ. ಬೆಳಿಗ್ಗೆ ಕಚೇರಿಯಲ್ಲಿ ಮತ್ತೆ ಓಡಿಸಿದಾಗ ಪಾಸಾದದ್ದನ್ನು ನೋಡಿ ನೆಟ್‌ವರ್ಕ್ ಸಮಸ್ಯೆ ಇರಬೇಕು ಎಂದು ಬಿಟ್ಟುಬಿಡುವವರಿದ್ದಾರೆ. ಫೇಲಾದ ಹೊತ್ತನ್ನು ಬರೆದಿಟ್ಟುಕೊಂಡರೆ ಕಾರಣ ತಾನೇ ತೋರುತ್ತದೆ.

ಬೆಂಗಳೂರಿನಲ್ಲಿ ಕೂತು ಅಮೆರಿಕದ ಗ್ರಾಹಕರಿಗೆ ಪ್ರೋಗ್ರಾಂ ಬರೆಯುವವರಿಗೆ ಇನ್ನೂ ಒಂದು ತೊಡಕು. ಅಲ್ಲಿ ವರ್ಷಕ್ಕೆ ಎರಡು ಬಾರಿ ಗಡಿಯಾರವನ್ನೇ ತಿರುಗಿಸುತ್ತಾರೆ. 2025ರ ಮಾರ್ಚ್ 9ರಂದು ನ್ಯೂಯಾರ್ಕ್‌ನಲ್ಲಿ ರಾತ್ರಿ 2.30 ಎಂಬ ಹೊತ್ತು ಬರಲೇ ಇಲ್ಲ, ನವೆಂಬರ್ 2ರಂದು 1.30 ಎರಡು ಸಲ ಬಂತು. ಆ ಹೊತ್ತಿಗೆ ನಿಗದಿಯಾದ ಕೆಲಸ ಬಿಟ್ಟುಹೋಗುತ್ತದೋ, ಎರಡು ಸಲ ನಡೆಯುತ್ತದೋ ಎಂಬುದನ್ನು ವರ್ಷದ ಯಾವ ದಿನ ಬೇಕಾದರೂ ನೋಡಲು ಹುಸಿ ಗಡಿಯಾರವಿಲ್ಲದೆ ಆಗದು.

ಕಾಯುವಿಕೆಯ ವಿಷಯ ಬೇರೆ. ಬ್ಯಾಂಕ್ ಉತ್ತರ ಕೊಡದಿದ್ದರೆ ನಿಮಿಷಕ್ಕೊಮ್ಮೆ ಯತ್ನಿಸಿ, ಒಂದು ಗಂಟೆಯಾದ ಮೇಲೆ ಕೈಬಿಡು ಎಂದು ಪ್ರೋಗ್ರಾಂ ಇದೆ ಎನ್ನಿ. ಅದು ಗಡಿಯಾರ ನೋಡಿ, ಗಂಟೆ ಆಗಿಲ್ಲದಿದ್ದರೆ 60 ಸೆಕೆಂಡ್ ನಿದ್ದೆ ಹೋಗಿ, ಮತ್ತೆ ಎದ್ದು ನೋಡುತ್ತದೆ. ಹುಸಿ ಗಡಿಯಾರ ಕೊಟ್ಟು ನಿದ್ದೆಯನ್ನು ಮಾತ್ರ ನಿಜವಾಗಿಯೇ ಬಿಟ್ಟರೆ ಪರೀಕ್ಷೆ ಎಂದೂ ಮುಗಿಯುವುದಿಲ್ಲ, ಏಕೆಂದರೆ ಆ ಗಡಿಯಾರದಲ್ಲಿ ಗಂಟೆ ಆಗುವುದೇ ಇಲ್ಲ. ನಿದ್ದೆಯೂ ಅದೇ ಗಡಿಯಾರದ್ದಾಗಿರಬೇಕು:

```python
    def sleep(self, seconds):
        self.advance(timedelta(seconds=seconds))
```

60 ಸೆಕೆಂಡ್ ಮಲಗು ಎಂದರೆ ಅದು ಮಲಗದೆ ಮುಳ್ಳನ್ನು 60 ಸೆಕೆಂಡ್ ಮುಂದೆ ತಳ್ಳುತ್ತದೆ. ಒಂದು ಗಂಟೆಯ ಕಾಯುವಿಕೆ ಕ್ಷಣದಲ್ಲಿ ಮುಗಿದು, ಎಷ್ಟು ಸಲ ಯತ್ನಿಸಿತು ಎಂದು ಎಣಿಸಬಹುದು.

ಇದನ್ನೆಲ್ಲ ಪ್ರತಿಯೊಬ್ಬರೂ ಕೈಯಾರೆ ಬರೆಯಬೇಕಿಲ್ಲ. ಜಾವಾ ಭಾಷೆಯಲ್ಲಿ 2014ರಿಂದ `java.time.Clock` ಇದೆ, ಪೈಥಾನ್‌ಗೆ `freezegun`, ಜಾವಾಸ್ಕ್ರಿಪ್ಟ್‌ನಲ್ಲಿ `jest.useFakeTimers()` ಇವೆ. ಇವುಗಳಲ್ಲಿ ಕೆಲವು ಪ್ರೋಗ್ರಾಮನ್ನು ಬದಲಾಯಿಸದೆಯೇ `now` ಕರೆಯನ್ನು ಹಿಂದಿನಿಂದ ಕದ್ದು ಹಿಡಿಯುತ್ತವೆ. ಹಳೆಯ ಪ್ರೋಗ್ರಾಮಿಗೆ ಅದು ಅನುಕೂಲ. ಹೊಸದಾಗಿ ಬರೆಯುವಾಗ ಗಡಿಯಾರವನ್ನು ಹೊರಗಿನಿಂದ ಕೊಡುವುದನ್ನೇ ನಾನು ಮೆಚ್ಚುತ್ತೇನೆ, ಯಾವ ಭಾಗ ಸಮಯವನ್ನು ನೆಚ್ಚಿಕೊಂಡಿದೆ ಎಂಬುದು ಆಗ ಓದಿದವರಿಗೇ ತಿಳಿಯುತ್ತದೆ.

ಹುಸಿ ಗಡಿಯಾರ ಮುಟ್ಟಲಾಗದ ಜಾಗಗಳೂ ಇವೆ. ಡೇಟಾಬೇಸ್ ಬೇರೆಯೇ ಒಂದು ಪ್ರೋಗ್ರಾಂ. ಅದರೊಳಗೆ `now()` ಎಂದು ಬರೆದರೆ ಅದು ತನ್ನ ಗಡಿಯಾರವನ್ನೇ ನೋಡುತ್ತದೆ. ಪರೀಕ್ಷೆಯ ಪ್ರೋಗ್ರಾಂ 2025ರ ಮಾರ್ಚಿನಲ್ಲಿದ್ದರೂ ಡೇಟಾಬೇಸಿನಲ್ಲಿ ದಾಖಲಾಗುವುದು ಇವತ್ತಿನ ತಾರೀಖು, ಆಗ ‘ಕಳೆದ 30 ದಿನಗಳ ಕಡಿತ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಸಮಯವನ್ನು ಪ್ರೋಗ್ರಾಮೇ ಡೇಟಾಬೇಸಿಗೆ ಹೇಳಿ ಬರೆಸಿದರೆ ಈ ಒಡಕು ಹೋಗುತ್ತದೆ. ಇನ್ನೊಂದು, ರಾತ್ರಿ 12.15ಕ್ಕೆ ಪ್ರೋಗ್ರಾಮನ್ನು ಎಬ್ಬಿಸುವ `cron` ಎಂಬ ವ್ಯವಸ್ಥೆ. ಪರೀಕ್ಷೆಯಲ್ಲಿ ಎಬ್ಬಿಸಿದವರು ನಾವು, `cron` ಅಲ್ಲ. ಯುಟಿಸಿ ಸರ್ವರ್‌ನಲ್ಲಿ ಅದಕ್ಕೆ `45 18 * * *` ಎಂದು ಬರೆಯಬೇಕಾದಲ್ಲಿ ಯಾರೋ `15 0 * * *` ಎಂದು ಬರೆದಿದ್ದರೆ ಕೆಲಸ ಬೆಳಿಗ್ಗೆ 5.45ಕ್ಕೆ ನಡೆಯುತ್ತದೆ, 120 ದಿನಗಳ ಪರೀಕ್ಷೆಯೂ ಪಾಸಾಗಿರುತ್ತದೆ. ಆ ಸಾಲನ್ನು ಸರ್ವರ್‌ನಲ್ಲೇ ನೋಡಬೇಕು, ಮತ್ತು ಪ್ರತಿ ರಾತ್ರಿ ಕೆಲಸ ಎಷ್ಟು ಗಂಟೆಗೆ ಶುರುವಾಯಿತು ಎಂಬುದು ಲಾಗ್‌ನಲ್ಲಿ ದಾಖಲಾಗುವಂತೆ ಮಾಡಿರಬೇಕು.