ಊಹೆಗೆ ಇಪ್ಪತ್ತು ನಿಮಿಷ, ಪ್ರಶ್ನೆಗೆ ಎರಡು

ಪುಸ್ತಕಗಳ ಪುಟವಿನ್ಯಾಸ ಮಾಡುವ ಗೆಳೆಯನೊಬ್ಬ ಒಂದು ಸಂಜೆ ಸಂದೇಶ ಕಳಿಸಿದ. ಅವನ ಕೈಯಲ್ಲಿದ್ದ ಕಾದಂಬರಿಯ 32 ಅಧ್ಯಾಯಗಳಲ್ಲೂ 'ವಿದ್ಯಾರ್ಥಿ' ಎಂಬುದು 'ವಿಧ್ಯಾರ್ಥಿ' ಎಂದು ಟೈಪಾಗಿತ್ತು. ಒಂದೇ ಏಟಿಗೆ ಎಲ್ಲವನ್ನೂ ತಿದ್ದುವ ದಾರಿ ಬೇಕಿತ್ತು. ನನಗೆ ಬಾಯಿಪಾಠವಾಗಿದ್ದ ಸಾಲನ್ನು ತಕ್ಷಣ ಬರೆದು ಕಳಿಸಿದೆ:

```
sed -i 's/ವಿಧ್ಯಾರ್ಥಿ/ವಿದ್ಯಾರ್ಥಿ/g' adhyaya*.txt
```

ಅವನ ಪರದೆಯ ಮೇಲೆ ಬಂದದ್ದು ಇದು:

```
sed: 1: "adhyaya01.txt": command a expects \ followed by text
```

"a ಅನ್ನೋ ಕಮಾಂಡ್ ನಾನೆಲ್ಲಿ ಕೊಟ್ಟೆ ಮಾರಾಯ?" ಎಂದು ಕೇಳಿದ. ಅವನು ಕೊಟ್ಟಿರಲಿಲ್ಲ. ತಪ್ಪು ನನ್ನದು. ಅವನದು ಲಿನಕ್ಸ್ ಯಂತ್ರ ಎಂದು ನಾನು ಊಹಿಸಿಬಿಟ್ಟಿದ್ದೆ, ಅದು ಮ್ಯಾಕ್ ಆಗಿತ್ತು.

sed ಎಂಬ ಈ ಉಪಕರಣವನ್ನು 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಹೋನ್ ಬರೆದರು. ಪಠ್ಯವನ್ನು ಸಾಲು ಸಾಲಾಗಿ ಓದಿ, ಹೇಳಿದಂತೆ ಬದಲಿಸಿ ಹೊರಗೆ ಬಿಡುವುದು ಅದರ ಕೆಲಸ. ಬದಲಾದದ್ದನ್ನು ಅದೇ ಕಡತಕ್ಕೆ ಬರೆಯುವ `-i` ಮೂಲದಲ್ಲಿ ಇರಲಿಲ್ಲ. ಆಮೇಲೆ ಅದನ್ನು ಸೇರಿಸಿದವರು ತಮಗೆ ತೋಚಿದಂತೆ ಸೇರಿಸಿದರು. ಲಿನಕ್ಸ್‌ನಲ್ಲಿರುವ ಗ್ನೂ sed, `-i` ಒಂದನ್ನೇ ಬರೆದರೂ ಒಪ್ಪುತ್ತದೆ. ಮ್ಯಾಕ್‌ನಲ್ಲಿರುವುದು ಬಿಎಸ್‌ಡಿ ವಂಶದ sed. ಹಳೆಯ ಪ್ರತಿಯನ್ನು ಯಾವ ಬಾಲ ಅಂಟಿಸಿ ಉಳಿಸಬೇಕು ಎಂಬುದನ್ನು `-i` ಜೊತೆಗೇ ಹೇಳಬೇಕೆಂದು ಅದು ಹಟ ಹಿಡಿಯುತ್ತದೆ. ಹೇಳದಿದ್ದರೆ ಮುಂದೆ ಸಿಕ್ಕಿದ್ದನ್ನೇ ಬಾಲವೆಂದು ತಿಳಿಯುತ್ತದೆ. ಹಾಗಾಗಿ ನನ್ನ 's/…/g' ಬಾಲವಾಯಿತು, ಅದರ ಮುಂದಿದ್ದ ಕಡತದ ಹೆಸರು ಆಜ್ಞೆಯಾಯಿತು. ಹೆಸರಿನ ಮೊದಲ ಅಕ್ಷರ a, sed ಭಾಷೆಯಲ್ಲಿ 'ಈ ಸಾಲಿನ ಕೆಳಗೆ ಪಠ್ಯ ಸೇರಿಸು' ಎಂಬ ಆಜ್ಞೆ. ಸೇರಿಸಬೇಕಾದ ಪಠ್ಯ ಎಲ್ಲಿ ಎಂದು ಯಂತ್ರ ಕೇಳಿದ್ದು ನ್ಯಾಯವೇ.

ಕಡತಗಳಿಗೆ ಏನೂ ಆಗಲಿಲ್ಲ. ಆದರೆ ಅವನು ದೋಷದ ಸಾಲನ್ನು ನನಗೆ ಕಳಿಸಿ, ನಾನು ಯೋಚಿಸಿ, ಕಡತದ ಹೆಸರಲ್ಲೇ ಏನೋ ಕೆಟ್ಟಿದೆಯೆಂದು ಅವನು ಅದನ್ನು ಬದಲಿಸಿ ನೋಡಿ, ಎಲ್ಲ ಸೇರಿ ಸುಮಾರು ಇಪ್ಪತ್ತು ನಿಮಿಷ ಹಾಳಾಯಿತು. ನಿನ್ನದು ಯಾವ ಯಂತ್ರ ಎಂದು ಮೊದಲೇ ಕೇಳಿದ್ದರೆ ಎರಡು ನಿಮಿಷ ಹಿಡಿಯುತ್ತಿತ್ತು. ಹಾಗಾದರೆ ಯಾವಾಗಲೂ ಕೇಳಿಯೇ ಉತ್ತರಿಸಬೇಕೆ? ಅದನ್ನು ನಿರ್ಧರಿಸಲು ಒಂದು ಪುಟ್ಟ ಕೋಷ್ಟಕ ಸಾಕು. ಇಂಥ ಪ್ರಶ್ನೆ ಕೇಳುವ ನನ್ನ ಪರಿಚಯದವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಲಿನಕ್ಸ್, ಮೂವತ್ತು ಮಂದಿ ಮ್ಯಾಕ್ ಬಳಸುತ್ತಾರೆ ಎಂದು ಇಟ್ಟುಕೊಳ್ಳೋಣ. ಒಳಗಿನ ಅಂಕಿಗಳು ಹಾಳಾಗುವ ನಿಮಿಷಗಳು.

| ನಾನು ಮಾಡುವುದು | ಲಿನಕ್ಸ್ ಆಗಿದ್ದರೆ (70) | ಮ್ಯಾಕ್ ಆಗಿದ್ದರೆ (30) | ಸರಾಸರಿ ನಷ್ಟ |
|---|---|---|---|
| ಲಿನಕ್ಸ್ ಎಂದು ಊಹಿಸಿ ಉತ್ತರಿಸುವುದು | 0 | 20 | 6 |
| ಮೊದಲು ಕೇಳುವುದು | 2 | 2 | 2 |

ಮೊದಲ ಸಾಲಿನ 6 ಬಂದದ್ದು ಹೀಗೆ. ನೂರು ಸಲ ಊಹಿಸಿದರೆ ಎಪ್ಪತ್ತು ಸಲ ನಷ್ಟವಿಲ್ಲ, ಮೂವತ್ತು ಸಲ ತಲಾ 20 ನಿಮಿಷ. ಒಟ್ಟು 600 ನಿಮಿಷವನ್ನು ನೂರಕ್ಕೆ ಹಂಚಿದರೆ ಸಲಕ್ಕೆ 6. ಯಾವ ಒಂದು ದಿನವೂ ಸರಿಯಾಗಿ ಆರೇ ನಿಮಿಷ ಹಾಳಾಗುವುದಿಲ್ಲ, ಸೊನ್ನೆಯಾಗುತ್ತದೆ ಇಲ್ಲವೇ ಇಪ್ಪತ್ತಾಗುತ್ತದೆ. ಊಹೆ ಹೆಚ್ಚು ಸಲ ಸರಿಹೋಗುವುದರಿಂದಲೇ ನಾವು ಅದನ್ನು ನಂಬಿಬಿಡುತ್ತೇವೆ ಎಂದು ನನಗನ್ನಿಸುತ್ತದೆ. ಎಪ್ಪತ್ತು ಸಲದ ಸಲೀಸು ನೆನಪಿನಲ್ಲಿರುತ್ತದೆ, ಮೂವತ್ತು ಸಲದ ಪರದಾಟ ಹೆಚ್ಚಾಗಿ ಎದುರಿನವರ ಪಾಲಿಗೆ ಬರುತ್ತದೆ.

ಊಹೆ ತಪ್ಪುವ ಸಾಧ್ಯತೆ ಎಷ್ಟಕ್ಕಿಳಿದರೆ ಕೇಳದೆಯೂ ನಡೆಯುತ್ತದೆ ಎಂಬ ಗಡಿಯೂ ಇದೇ ಕೋಷ್ಟಕದಲ್ಲಿದೆ. ಪ್ರಶ್ನೆಯ ಬೆಲೆಯನ್ನು ತಪ್ಪಿನ ಬೆಲೆಯಿಂದ ಭಾಗಿಸಬೇಕು: 2 ಭಾಗಿಸು 20, ಅಂದರೆ ನೂರಕ್ಕೆ ಹತ್ತು. ಅದಕ್ಕಿಂತ ಹೆಚ್ಚು ಅನುಮಾನವಿದ್ದರೆ ಕೇಳುವುದು ಲಾಭ, ಕಡಿಮೆಯಿದ್ದರೆ ಊಹೆಯೇ ಲಾಭ. ಉತ್ತರ ಏನೇ ಬಂದರೂ ನಾನು ಬರೆಯುವ ಸಾಲು ಬದಲಾಗದಿದ್ದರೆ ಲೆಕ್ಕವೇ ಬೇಡ. ಕಡತವೊಂದನ್ನು `cat` ಬಳಸಿ ತೆರೆದು ತೋರಿಸುವುದಕ್ಕೆ ಮ್ಯಾಕೋ ಲಿನಕ್ಸೋ ಎಂದು ಕೇಳಿದರೆ ಆ ಎರಡು ನಿಮಿಷ ದಂಡ.

ಕೋಷ್ಟಕ ಬರೆದುಕೊಂಡಾಗ ಇನ್ನೊಂದು ಸಾಲಿಗೂ ಜಾಗವಿದೆ ಎಂದು ಹೊಳೆಯುತ್ತದೆ. ಎರಡೂ ಯಂತ್ರಗಳು ಒಪ್ಪುವ ಉತ್ತರ ಇದ್ದರೆ?

```
sed -i.bak 's/ವಿಧ್ಯಾರ್ಥಿ/ವಿದ್ಯಾರ್ಥಿ/g' adhyaya*.txt
```

ಬಾಲವನ್ನು `-i` ಗೆ ತಾಗಿಸಿಯೇ ಬರೆದರೆ ಗ್ನೂ ಕೂಡ ಒಪ್ಪುತ್ತದೆ, ಬಿಎಸ್‌ಡಿ ಕೂಡ ಒಪ್ಪುತ್ತದೆ. ತಿದ್ದುವ ಮೊದಲಿನ ಪ್ರತಿ `.bak` ಹೆಸರಿನಲ್ಲಿ ಉಳಿಯುತ್ತದೆ. ಆಮೇಲೆ ಆ 32 ಕಡತಗಳನ್ನು ಅಳಿಸಲು ಒಂದು ನಿಮಿಷ. ಎರಡು ಕಡೆಯೂ 1, ಸರಾಸರಿಯೂ 1, ಕೇಳುವುದಕ್ಕಿಂತಲೂ ಅಗ್ಗ. ಇದನ್ನೇ ಅರೆಬರೆ ನೆನಪಿಟ್ಟು `sed -i -e 's/…/g'` ಎಂದು ಬರೆಯುವವರಿದ್ದಾರೆ. ಮ್ಯಾಕ್‌ನಲ್ಲಿ ಅದು ದೂರದೆ ನಡೆದುಬಿಡುತ್ತದೆ, ಆದರೆ `-e` ಎಂಬುದನ್ನೇ ಬಾಲವೆಂದು ತಿಳಿದು `adhyaya01.txt-e` ಎಂಬಂಥ ಕಡತಗಳನ್ನು ಫೋಲ್ಡರಿನ ತುಂಬ ಬಿಟ್ಟುಹೋಗುತ್ತದೆ. ಹೆಸರಿನ ಕೊನೆಯಲ್ಲಿ ಹೀಗೆ `-e` ಕಂಡರೆ ಯಾರೋ ಲಿನಕ್ಸ್ ಸಾಲನ್ನು ಮ್ಯಾಕ್‌ನಲ್ಲಿ ಓಡಿಸಿದ್ದಾರೆ ಎಂದೇ ತಿಳಿಯಬಹುದು.

ತಪ್ಪಿನ ಬೆಲೆ ಇಪ್ಪತ್ತೇ ನಿಮಿಷದಲ್ಲಿ ನಿಲ್ಲದ ಸಂದರ್ಭಗಳೂ ಇವೆ. ಲಿನಕ್ಸ್‌ನಲ್ಲಿ `killall` ಮುಂದೆ ಹೆಸರು ಕೊಟ್ಟರೆ ಆ ಹೆಸರಿನ ಪ್ರೋಗ್ರಾಂಗಳು ಮಾತ್ರ ನಿಲ್ಲುತ್ತವೆ. ಸೊಲಾರಿಸ್‌ನಲ್ಲಿ ಅದೇ ಹೆಸರಿನ ಆಜ್ಞೆ ಯಂತ್ರವನ್ನು ಮುಚ್ಚುವ ಹೊತ್ತಿಗೆಂದು ಇಟ್ಟದ್ದು. ಆಡಳಿತಾಧಿಕಾರವಿರುವವರು ಅದನ್ನು ಓಡಿಸಿದರೆ ಓಡುತ್ತಿರುವ ಎಲ್ಲವನ್ನೂ ಕೊಲ್ಲುತ್ತದೆ. ಸರ್ವರ್ ಬಿದ್ದು, ಮತ್ತೆ ಎದ್ದು, ಎಲ್ಲ ಸರಿಯಾಗಲು ಮೂರು ಗಂಟೆ ಎಂದಿಟ್ಟುಕೊಂಡರೆ 180 ನಿಮಿಷ. ಎರಡನ್ನು 180ರಿಂದ ಭಾಗಿಸಿದರೆ ಗಡಿ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತದೆ. ಇದು ಲಿನಕ್ಸೇ ಎಂದು ನೂರಕ್ಕೆ 98 ಪಾಲು ಖಾತ್ರಿಯಿದ್ದವರೂ ಕೇಳಲೇಬೇಕಾದ ಜಾಗ ಇದು. ಇಲ್ಲೂ ಮೂರನೆಯ ಸಾಲೊಂದಿದೆ: `pkill -x` ಮುಂದೆ ಪ್ರೋಗ್ರಾಂ ಹೆಸರು ಬರೆದರೆ ಎರಡೂ ಕಡೆ ಆ ಹೆಸರಿನದಷ್ಟೇ ನಿಲ್ಲುತ್ತದೆ.

ಪ್ರಶ್ನೆಯ ಬೆಲೆಯೂ ಸ್ಥಿರವಲ್ಲ. ಕೇಳಿದವರು ಕ್ಯಾಲಿಫೋರ್ನಿಯಾದಲ್ಲಿದ್ದು ಈಗಷ್ಟೇ ಮಲಗಿದ್ದರೆ ನನ್ನ ಎರಡು ನಿಮಿಷದ ಪ್ರಶ್ನೆ ಎಂಟು ಗಂಟೆಯದಾಗುತ್ತದೆ. sed ವಿಷಯದಲ್ಲಿ ಆಗ ಊಹೆಯೇ ಅಗ್ಗ. ಅದಕ್ಕಿಂತ ಅಗ್ಗ, ಉತ್ತರವನ್ನೇ ಕವಲಾಗಿಸಿ ಬರೆಯುವುದು: `uname -s` ಎಂದು ಹೊಡೆ, Linux ಎಂದು ಬಂದರೆ ಈ ಸಾಲು, Darwin ಎಂದು ಬಂದರೆ ಆ ಸಾಲು. ಎದುರಿಗಿರುವವರನ್ನು ಕೇಳುವಾಗಲೂ `uname -s` ಒಳ್ಳೆಯದು. 'ನಿಮ್ಮದು ಯಾವ ಸಿಸ್ಟಂ?' ಎಂದರೆ ಎಷ್ಟೋ ಮಂದಿ ಯಂತ್ರದ ಕಂಪನಿಯ ಹೆಸರು ಹೇಳುತ್ತಾರೆ, ಮತ್ತೆ ಕೇಳಬೇಕಾಗುತ್ತದೆ. ಯಂತ್ರ ಕೊಟ್ಟ ಪದವನ್ನು ಹಾಗೇ ನಕಲು ಮಾಡಿ ಕಳಿಸುವುದು ಯಾರಿಗೂ ಕಷ್ಟವಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಗೆಳೆಯನ ಮೊದಲ ಸಂದೇಶವನ್ನು ಮತ್ತೆ ತೆರೆದೆ. ಕಡತಗಳಿರುವ ಜಾಗವನ್ನು ಅವನು ಅದರಲ್ಲೇ ಬರೆದಿದ್ದ, ಅದು `/Users/` ಎಂದು ಶುರುವಾಗುತ್ತಿತ್ತು. ಲಿನಕ್ಸ್‌ನಲ್ಲಿ ಜನರ ಕಡತಗಳು ಸಾಮಾನ್ಯವಾಗಿ `/home/` ಅಡಿಯಲ್ಲಿರುತ್ತವೆ, ಮ್ಯಾಕ್‌ನಲ್ಲಿ `/Users/` ಅಡಿಯಲ್ಲಿ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವವರ ಸಾಲಿನಲ್ಲೂ Users ಬರುತ್ತದೆ, ಆದರೆ ಅದು `/mnt/c/Users/` ಎಂದಿರುತ್ತದೆ, ಅಲ್ಲಿರುವುದು ಗ್ನೂ sed. ಅವನ ಸಾಲಿನಲ್ಲಿ `/mnt/c` ಇರಲಿಲ್ಲ. ನಾನು ಮೂವತ್ತು ಎಂದುಕೊಂಡಿದ್ದ ಅಂಕಿ, ಆ ಒಂದು ಪದವನ್ನು ಓದಿದ್ದರೆ, ಯಾರನ್ನೂ ಕೇಳದೆಯೇ ತೊಂಬತ್ತೈದನ್ನು ದಾಟುತ್ತಿತ್ತು.